ಅಪಾರ್ಟ್‌ಮೆಂಟಿಗೆ ಹೆಸರು: ಮೊದಲು ಫೋನಿನಲ್ಲಿ ಹೇಳಿ ನೋಡಿ

ಕೇಳಿದವರು, ಹುಬ್ಬಳ್ಳಿ: ಗೋಕುಲ ರಸ್ತೆಯ ಬಳಿ 24 ಮನೆಗಳ ಹೊಸ ಅಪಾರ್ಟ್‌ಮೆಂಟ್ ನಮ್ಮದು. ಬಿಲ್ಡರ್ ಇಟ್ಟ ಹೆಸರು ಯಾರಿಗೂ ಹಿಡಿಸಿಲ್ಲ. ಎಲ್ಲರೂ ಒಪ್ಪುವ, ಬಾಯಿಗೆ ಸುಲಭವಾದ ಹೆಸರನ್ನು ನೀವು ಹೇಗೆ ಆರಿಸಿದಿರಿ?

ಧಾರವಾಡದಿಂದ: ನಮ್ಮದು 30 ಮನೆ. ಮೊದಲು ಮನೆಗೊಂದು ಮತ ಹಾಕಿಸಿದೆವು. ಗೆದ್ದ ಹೆಸರಿಗೆ ಬಿದ್ದದ್ದು 9 ಮತ, ಉಳಿದ 21 ಮನೆಯವರು ಮುನಿಸಿಕೊಂಡರು. ಎರಡನೆಯ ಸಲ ಚೀಟಿಯಲ್ಲಿ ಎಲ್ಲ ಹೆಸರುಗಳನ್ನೂ ಬರೆದು, ‘ಒಪ್ಪಬಹುದಾದ ಎಲ್ಲದಕ್ಕೂ ಗುರುತು ಹಾಕಿ, ಬೇಡವೇ ಬೇಡ ಎನ್ನುವ ಒಂದಕ್ಕೆ ಅಡ್ಡಗೆರೆ ಎಳೆಯಿರಿ’ ಎಂದು ಕೇಳಿದೆವು. ಒಂದು ಮನೆತನದ ಕುಲದೇವರ ಹೆಸರಿಗೂ ಬಿಲ್ಡರ್ ತಾಯಿಯ ಹೆಸರಿಗೂ ಅಡ್ಡಗೆರೆಗಳೇ ಹೆಚ್ಚು ಬಿದ್ದವು.

ಉಳಿದದ್ದು ಬೆಳವಲ, ಹೊಂಗೆ, ತೋರಣ. ಇವನ್ನು ಗ್ಯಾಸ್ ಸಿಲಿಂಡರ್ ತರುವವರಿಗೆ, ಆಟೋದವರಿಗೆ ಫೋನಿನಲ್ಲಿ ಒಮ್ಮೆ ಮಾತ್ರ ಹೇಳಿ ತಿರುಗಿ ಕೇಳಿದೆವು. ಅಲ್ಲಿ ಮೂರೂ ಪಾಸಾದವು. ಎಡವಿದ್ದು ಇಂಗ್ಲಿಷ್ ಅಕ್ಷರದಲ್ಲಿ. ಅದರಲ್ಲಿ ಳಕಾರಕ್ಕೆ ಬೇರೆ ಅಕ್ಷರವೇ ಇಲ್ಲ, ಬೆಳವಲವು ‘ಬೆಲವಲ’ ಆಯಿತು. ಕೊರಿಯರ್ ಹುಡುಗನೊಬ್ಬ ಹೊಂಗೆಯನ್ನು ‘ಹೊಂಜ್’ ಎಂದು ಓದಿದ. ಸಂಪಿಗೆ, ಮಲ್ಲಿಗೆಗೂ ಇದೇ ತೊಂದರೆ. ತೋರಣವನ್ನು ‘ತೊರಾನಾ’ ಎಂದವರೂ ಸರಿಯಾದ ಬಾಗಿಲಿಗೇ ಬಂದರು. ಅದನ್ನೇ ಇಟ್ಟೆವು. ಬೆಳವಲ ಹೋದದ್ದು ನನಗೆ ಇಂದಿಗೂ ಬೇಸರ. ನಮ್ಮ ಸೀಮೆಯ ಹೆಸರು ಅದು.

ಗದಗದಿಂದ: ನಮ್ಮ ಮನೆಗೆ ಅಜ್ಜಿಯ ಹೆಸರಿಟ್ಟೆವು ರೀ, ಯಾರನ್ನೂ ಕೇಳಲಿಲ್ಲ. ಹಿರಿಯರ ಹೆಸರಿಟ್ಟರೆ ಜಗಳವೇ ಇರುವುದಿಲ್ಲ.

ಧಾರವಾಡದಿಂದ: ಒಂದೇ ಮನೆಗೆ ಅದು ಚೆಂದ. 24 ಮನೆಗಳಲ್ಲಿ ಯಾರ ಅಜ್ಜಿಯ ಹೆಸರಿಡುವುದು ಅಕ್ಕಾ?

ಕೇಶ್ವಾಪುರದಿಂದ: ಇಷ್ಟೆಲ್ಲ ಏಕೆ? ಸಭೆಯಲ್ಲಿ ಠರಾವು ಮಾಡಿ ಬೋರ್ಡ್ ಬದಲಿಸಿದರೆ ಮುಗಿಯಿತು. ನಾವು ಹಾಗೆಯೇ ಮಾಡಿದೆವು.

ವಿದ್ಯಾನಗರದಿಂದ: ಬೋರ್ಡಿಗೆ ಠರಾವು ಸಾಕು ಸರ್, ಕಾಗದಪತ್ರಕ್ಕೆ ಸಾಲದು. ಬಿಲ್ಡರ್ ಇಟ್ಟ ಹೆಸರು ರೇರಾ ನೋಂದಣಿಯಲ್ಲಿ, ಖರೀದಿ ಪತ್ರದಲ್ಲಿ ಹಾಗೆಯೇ ಉಳಿದಿರುತ್ತದೆ. 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಘೋಷಣಾ ಪತ್ರ ಇನ್ನೂ ನೋಂದಣಿಯಾಗಿಲ್ಲದಿದ್ದರೆ ಈಗಲೇ ಹೊಸ ಹೆಸರನ್ನು ಅದರಲ್ಲಿ ಸೇರಿಸಿ. ಆಗಿದ್ದರೆ ತಿದ್ದುಪಡಿಯನ್ನೂ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ನಮ್ಮಲ್ಲಿ ಇದನ್ನು ಬಿಟ್ಟಿದ್ದರಿಂದ, ಫ್ಲ್ಯಾಟ್ ಕೊಳ್ಳಲು ಬಂದವರ ಬ್ಯಾಂಕಿನವರು ‘ಇದು ಅದೇ ಕಟ್ಟಡವೇ?’ ಎಂದು ಪತ್ರ ಕೇಳಿದರು. ಸಂಘದಿಂದ ಬರೆದುಕೊಟ್ಟ ಮೇಲೆಯೇ ಸಾಲ ಮುಂದೆ ಸಾಗಿತು. ಒಂದೆರಡು ವರ್ಷ ವಿಳಾಸದಲ್ಲಿ ಹಳೆಯ ಹೆಸರನ್ನೂ ಬರೆಯಿರಿ.

ಕೇಶ್ವಾಪುರದಿಂದ: ನಮ್ಮಲ್ಲಿ ಇನ್ನೂ ಯಾರೂ ಮನೆ ಮಾರಿಲ್ಲ. ನಾಳೆಯೇ ಘೋಷಣಾ ಪತ್ರ ತೆಗೆದು ನೋಡುತ್ತೇನೆ.

ಕೇಳಿದವರು: ಘೋಷಣಾ ಪತ್ರ ಇನ್ನೂ ಆಗಿಲ್ಲ, ಬದುಕಿದೆವು. ಭಾನುವಾರ ಚೀಟಿ ಹಂಚುತ್ತೇವೆ. 7 ಮನೆಗಳಲ್ಲಿ ಬಾಡಿಗೆಯವರಿದ್ದಾರೆ. ಅವರಿಗೂ ಚೀಟಿ ಕೊಡಬೇಕೇ?

ಧಾರವಾಡದಿಂದ: ನಾವು ಕೊಟ್ಟೆವು. ದಿನವೂ ಆ ಹೆಸರು ಹೇಳುವವರು ಅವರೇ.

ವಿದ್ಯಾನಗರದಿಂದ: ಅಭಿಪ್ರಾಯ ಕೇಳಿ, ಆದರೆ ಲೆಕ್ಕಕ್ಕೆ ಮಾಲೀಕರ ಚೀಟಿಯನ್ನಷ್ಟೇ ಹಿಡಿಯಿರಿ. ಪತ್ರಕ್ಕೆ ಸಹಿ ಹಾಕಬೇಕಾದವರು ಅವರು.