ಬುಧವಾರದ ಕಚ್ಚಾ ತೈಲ ದಾಸ್ತಾನು ವರದಿ: ಆಲ್ಗೋ ಎಂಟ್ರಿ ನಿಲ್ಲಿಸುವುದು ಹೇಗೆ?

ಪ್ರಶ್ನೆ: ಎಂಸಿಎಕ್ಸ್ ಕ್ರೂಡ್‌ನಲ್ಲಿ 15 ನಿಮಿಷದ ಬ್ರೇಕ್‌ಔಟ್ ಆಲ್ಗೋ ಓಡಿಸುತ್ತೇನೆ. ಅಮೆರಿಕದ ಇಐಎ ವರದಿ ಬರುವಾಗ ಹೊಸ ಎಂಟ್ರಿ ಬೇಡ. ರಾತ್ರಿ 8ಕ್ಕೆ ನಿಲ್ಲಿಸಿ 8.15ಕ್ಕೆ ಶುರು ಮಾಡಿದರೆ ಸಾಕಾ ಸರ್?

ಮೊದಲ ಉತ್ತರ: ಸಾಕು. 8ಕ್ಕೆ ಎಲ್ಲ ಆರ್ಡರ್ ಕ್ಯಾನ್ಸಲ್ ಮಾಡಿಬಿಡಿ, ತಲೆನೋವೇ ಇಲ್ಲ.

ಎರಡನೇ ಉತ್ತರ: ಎಲ್ಲ ಆರ್ಡರ್ ಮಾತ್ರ ಬೇಡ, ಸ್ಟಾಪ್‌ಲಾಸ್ ಕೂಡ ಹೋಗಿಬಿಡುತ್ತದೆ. ಎಂಟ್ರಿ, ಎಕ್ಸಿಟ್ ಆರ್ಡರ್‌ಗಳಿಗೆ ಬೇರೆ ಬೇರೆ ಟ್ಯಾಗ್ ಹಾಕಿ ಎಂಟ್ರಿಯವನ್ನಷ್ಟೇ ತೆಗೆಯಿರಿ. ತೆಗೆಯದಿದ್ದರೂ ತಪ್ಪು. 5850ರ ಮೇಲೆ ಕೊಳ್ಳುವ ಆರ್ಡರ್ ಎಕ್ಸ್‌ಚೇಂಜ್‌ನಲ್ಲಿ ಕಾಯುತ್ತಿದ್ದರೆ, ನಿಮ್ಮ ಕೋಡ್ ನಿಂತಿದ್ದರೂ ಅದು ನಿಲ್ಲುವುದಿಲ್ಲ. ಕ್ಯಾನ್ಸಲ್ ಕಳಿಸಿದ ಮೇಲೆ ಸ್ಟೇಟಸ್ ಮತ್ತೆ ಓದಿ. ಅಷ್ಟರಲ್ಲಿ ಅರ್ಧ ಫಿಲ್ ಆಗಿದ್ದರೆ ಆ ಅರ್ಧಕ್ಕೂ ಸ್ಟಾಪ್ ಬೇಕು.

ಇನ್ನು ಸಮಯ. ವರದಿ ನ್ಯೂಯಾರ್ಕ್‌ನ ಬೆಳಗ್ಗೆ 10.30ಕ್ಕೆ. ನಮಗದು ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ರಾತ್ರಿ 8, ಉಳಿದ ತಿಂಗಳು 9. ನಮ್ಮ ಗಡಿಯಾರದ 8 ಅಂತ ಬರೆದಿಟ್ಟರೆ ಚಳಿಗಾಲವಿಡೀ ತಪ್ಪು ಹೊತ್ತಿಗೆ ನಿಲ್ಲುತ್ತದೆ.

```python
now = datetime.now(ZoneInfo("America/New_York"))
blocked = (now.weekday() == 2 and
           time(10, 20) <= now.time() < time(11, 0))
```

11ರವರೆಗೆ ಯಾಕೆಂದರೆ, 10.30ರಿಂದ 10.45ರ ಕ್ಯಾಂಡಲ್ಲೇ ವರದಿಯ ಜಿಗಿತ. 10.45ಕ್ಕೆ ತೆರೆದರೆ ಬ್ರೇಕ್‌ಔಟ್ ಆಲ್ಗೋ ಆ ಜಿಗಿತದ ತುದಿಯಲ್ಲೇ ಕೊಳ್ಳುತ್ತದೆ. ಇನ್ನೊಂದು ಕ್ಯಾಂಡಲ್ ಮುಗಿಯಲಿ. ನಿಂತಿದ್ದಾಗ ಬಂದ ಸಿಗ್ನಲ್‌ಗಳನ್ನು ಸಾಲಲ್ಲಿಡದೆ ಎಸೆಯಿರಿ. ಸೋಮವಾರ ಅಮೆರಿಕದಲ್ಲಿ ಸರ್ಕಾರಿ ರಜೆಯಿದ್ದರೆ ವರದಿ ಸಾಮಾನ್ಯವಾಗಿ ಗುರುವಾರಕ್ಕೆ ಹೋಗುತ್ತದೆ, ಗಂಟೆಯೂ ಬದಲಾಗುತ್ತದೆ. ಅಂಥ ವಾರಗಳನ್ನು ಇಐಎ ವೇಳಾಪಟ್ಟಿ ನೋಡಿ ಕೈಯಾರೆ ಸೇರಿಸಿ.

ಮೂರನೆಯವರು: ನಾನು ನ್ಯಾಚುರಲ್ ಗ್ಯಾಸ್ ಮಾಡೋದು. ಬುಧವಾರ ನಿಲ್ಲಿಸಿದರೂ ಗುರುವಾರ ಏಟು ಬೀಳ್ತಿದೆ, ಇದೇ ಕಾರಣಾನಾ?

ಎರಡನೇ ಉತ್ತರ: ಗ್ಯಾಸ್ ದಾಸ್ತಾನು ವರದಿಯೇ ಬೇರೆ, ಗುರುವಾರ ಅದೇ 10.30ಕ್ಕೆ. ನಿಮ್ಮಲ್ಲಿ `weekday() == 3` ಇರಬೇಕು.

ಮೊದಲ ಉತ್ತರ: ಮಂಗಳವಾರದ ಎಪಿಐ ತೈಲ ದಾಸ್ತಾನು ಅಂಕಿಗೂ ನಿಲ್ಲಿಸಬೇಕಲ್ಲ?

ಎರಡನೇ ಉತ್ತರ: ಅದು ನ್ಯೂಯಾರ್ಕ್‌ನ ಸಂಜೆ 4.30ಕ್ಕೆ. ಆಗ ಇಲ್ಲಿ ನಡುರಾತ್ರಿ ಕಳೆದು ಎಂಸಿಎಕ್ಸ್ ಮುಚ್ಚಿರುತ್ತದೆ. ಎಂಟ್ರಿ ತಡೆದು ಪ್ರಯೋಜನವಿಲ್ಲ. ರಾತ್ರಿ ಉಳಿಸಿಕೊಂಡ ಪೊಸಿಷನ್ ಮಾತ್ರ ಬೆಳಗ್ಗೆ ಗ್ಯಾಪ್‌ನಲ್ಲಿ ತೆರೆಯಬಹುದು.

ಪ್ರಶ್ನೆ: ವರದಿಗೆ ಮೊದಲೇ ಕೈಲಿರುವ ಪೊಸಿಷನ್?

ಎರಡನೇ ಉತ್ತರ: ಸ್ಟಾಪ್ ಲಿಮಿಟ್ ನಂಬಬೇಡಿ. ಟ್ರಿಗರ್ 5800, ಲಿಮಿಟ್ 5795 ಇಟ್ಟಿದ್ದೀರಿ, ಬೆಲೆ ನೇರ 5780ಕ್ಕೆ ಬಿತ್ತು ಅನ್ನಿ. ಮಾರುವ ಆರ್ಡರ್ 5795ರಲ್ಲೇ ನೇತಾಡುತ್ತದೆ. ಲಾಟ್ 100 ಬ್ಯಾರೆಲ್, ಕೆಳಗಿಳಿಯುವ ಒಂದೊಂದು ರೂಪಾಯಿಗೂ ನೂರು ಹೋಗುತ್ತದೆ. 10.20ಕ್ಕೇ ಅರ್ಧ ಇಳಿಸುವುದು ನನಗೆ ಸರಿ ಕಾಣುತ್ತದೆ.

ಮೊದಲ ಉತ್ತರ: ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಟ್ರೆಂಡ್ ಆಲ್ಗೋಗೆ ಲಾಭ ಬರೋದೇ ಅಂಥ ಜಿಗಿತಗಳಲ್ಲಿ. ಬುಧವಾರದ ಟ್ರೇಡ್‌ಗಳನ್ನಷ್ಟೇ ಬೇರೆ ತೆಗೆದು ಎರಡೂ ರೀತಿ ಬ್ಯಾಕ್‌ಟೆಸ್ಟ್ ಮಾಡಿ ನೋಡಿ.