ಫ್ರಿಜ್ ದಿನಕ್ಕೆ ಎಷ್ಟು ಯೂನಿಟ್ ಉರಿಸುತ್ತದೆ? ಮನೆಯ ಗುಂಪಿನಲ್ಲಿ ಎರಡು ದಿನದ ವಾದ

ಶ್ರೀಧರ ಮಾವ (ದಾವಣಗೆರೆ): ಎಲ್ಲರೂ ಈ ಫೋಟೋ ನೋಡಿ. ಫ್ರಿಜ್‌ನ ಪ್ಲಗ್‌ಗೆ ಮೀಟರ್ ಹಾಕಿದ್ದೇನೆ. 142 ತೋರಿಸುತ್ತಿದೆ. 142ನ್ನು 24 ಗಂಟೆಗೆ ಗುಣಿಸಿದರೆ ದಿನಕ್ಕೆ 3.4 ಯೂನಿಟ್, ತಿಂಗಳಿಗೆ 102. ಕಳೆದ ತಿಂಗಳ ಬಿಲ್ 206 ಯೂನಿಟ್. ಅರ್ಧ ಬಿಲ್ ಈ ಹನ್ನೆರಡು ವರ್ಷದ ಫ್ರಿಜ್‌ದೇ! ಈ ವಾರವೇ ಮಾರಿ ಹೊಸದು ತರುತ್ತೇನೆ.

ಕಮಲ ಅತ್ತೆ: ಫ್ರಿಜ್ ಚೆನ್ನಾಗಿಯೇ ನಡೆಯುತ್ತಿದೆ. ಮಾರುವ ಮಾತು ಬೇಡವೆಂದು ಬೆಳಗ್ಗೆಯಿಂದ ಹೇಳುತ್ತಿದ್ದೇನೆ.

ವಿದ್ಯಾ (ಮೈಸೂರು): ಮಾವ, ಫೋಟೋದಲ್ಲಿ ಅಂಕಿಯ ಪಕ್ಕದಲ್ಲಿರುವ ಅಕ್ಷರ ನೋಡಿ. `W` ಎಂದಿದೆ. ಅದು ನೀವು ಫೋಟೋ ತೆಗೆದ ಕ್ಷಣದಲ್ಲಿ ಫ್ರಿಜ್ ಎಳೆಯುತ್ತಿದ್ದ ವಾಟ್. ಯೂನಿಟ್ ಬೇಕಾದರೆ ಬಟನ್ ಒತ್ತಿ `kWh` ಬರುವ ಪರದೆಗೆ ಹೋಗಬೇಕು. ಆ ಕ್ಷಣದಲ್ಲಿ ಕಂಪ್ರೆಸರ್ ಓಡುತ್ತಿತ್ತು, ಅಷ್ಟೇ ಇದರಿಂದ ತಿಳಿಯುವುದು.

ಶ್ರೀಧರ ಮಾವ: ಫ್ರಿಜ್ ಇಡೀ ದಿನ ಆನ್ ಇರುತ್ತದಲ್ಲಮ್ಮ. ನಾವು ಯಾವತ್ತೂ ಸ್ವಿಚ್ ಆರಿಸುವುದಿಲ್ಲ.

ವಿದ್ಯಾ: ಸ್ವಿಚ್ ಆನ್ ಇರುತ್ತದೆ, ಕಂಪ್ರೆಸರ್ ಇರುವುದಿಲ್ಲ. ಒಳಗೆ ಬೇಕಾದಷ್ಟು ತಂಪಾದ ಮೇಲೆ ಥರ್ಮೋಸ್ಟಾಟ್ ಅದನ್ನು ನಿಲ್ಲಿಸುತ್ತದೆ, ಬಿಸಿಯೇರಿದಾಗ ಮತ್ತೆ ಓಡಿಸುತ್ತದೆ. ಗುಂಯ್ ಎನ್ನುವ ಸದ್ದು ನಿಂತಾಗ ಮೀಟರ್ ನೋಡಿ.

ಕಮಲ ಅತ್ತೆ: ಈಗ ಸದ್ದು ನಿಂತಿದೆ. ಮೀಟರ್ 2 ತೋರಿಸುತ್ತಿದೆ.

ಪ್ರಕಾಶ ಚಿಕ್ಕಪ್ಪ (ಹಾಸನ): ಭಾವ, ಇದಕ್ಕೆ ಅಳತೆಯೇ ಬೇಡ. ಕಂಪ್ರೆಸರ್ ಅರ್ಧ ಹೊತ್ತು ಓಡುತ್ತದೆ ಎಂಬುದು ಎಲ್ಲ ಮೆಕ್ಯಾನಿಕ್‌ಗಳ ಲೆಕ್ಕ. 3.4ರಲ್ಲಿ ಅರ್ಧ 1.7. ಮುಗಿಯಿತು.

ವಿದ್ಯಾ: ಚಿಕ್ಕಪ್ಪ, ಆ ಅರ್ಧ ಎಂಬುದನ್ನೇ ನಾನು ಒಪ್ಪುವುದಿಲ್ಲ. ಹಾಸನದ ಡಿಸೆಂಬರ್‌ನಲ್ಲಿ ಅದು ಅರ್ಧಕ್ಕಿಂತ ಕಡಿಮೆ ಇರಬಹುದು. ದಾವಣಗೆರೆಯ ಏಪ್ರಿಲ್‌ನಲ್ಲಿ, ಒಲೆಯ ಪಕ್ಕದಲ್ಲಿ ನಿಂತ ಹಳೆಯ ಫ್ರಿಜ್‌ಗೆ ಹೆಚ್ಚು ಇರಬಹುದು. ಅದರ ಜೊತೆಗೆ ಇದು ಫ್ರಾಸ್ಟ್ ಫ್ರೀ. ಒಳಗಿನ ಮಂಜನ್ನು ಕರಗಿಸಲು ಆಗಾಗ ಹೀಟರ್ ಹತ್ತಿಕೊಳ್ಳುತ್ತದೆ. ಅಂದಾಜು ಮಾಡುವ ಕೆಲಸ ತಪ್ಪಲೆಂದೇ ಮೀಟರ್ ಕೊಂಡಿದ್ದು. ಒಂದು ಪೂರ್ತಿ ದಿನ ಬಿಡೋಣ. ಹಗಲಿನ ಬಿಸಿ, ರಾತ್ರಿಯ ತಂಪು, ಅಡುಗೆ ಹೊತ್ತಿನಲ್ಲಿ ಬಾಗಿಲು ತೆಗೆಯುವುದು, ಹೀಟರ್ ಎಲ್ಲವೂ ಒಂದು ಸುತ್ತು ಬರಬೇಕೆಂದರೆ 24 ಗಂಟೆ ಬೇಕೇ ಬೇಕು.

ಶ್ರೀಧರ ಮಾವ: ಸರಿ, ಹೇಗೆ ಮಾಡಬೇಕು ಹೇಳು.

ವಿದ್ಯಾ: ಮೀಟರ್ ಗೋಡೆಯ ಸಾಕೆಟ್‌ನಲ್ಲಿರಲಿ. ಸ್ಟೆಬಿಲೈಜರ್‌ನ ಪ್ಲಗ್ ಮೀಟರ್‌ಗೆ, ಫ್ರಿಜ್‌ನ ಪ್ಲಗ್ ಸ್ಟೆಬಿಲೈಜರ್‌ಗೆ. ಸ್ಟೆಬಿಲೈಜರ್ ನುಂಗುವುದೂ ನಿಮ್ಮ ಬಿಲ್‌ಗೇ ಬರುತ್ತದೆ, ಅದನ್ನು ಬಿಟ್ಟು ಅಳೆಯಬಾರದು. ನಾಳೆ ಬೆಳಗ್ಗೆ ಕಂಪ್ರೆಸರ್ ನಿಂತ ಕೂಡಲೇ ರೀಸೆಟ್ ಮಾಡಿ, `kWh` ಸೊನ್ನೆಯಾಗಿದೆಯೇ ನೋಡಿಕೊಳ್ಳಿ. ಮರುದಿನವೂ ಕಂಪ್ರೆಸರ್ ನಿಂತಾಗಲೇ ಓದಿ. ಇಲ್ಲದಿದ್ದರೆ ಒಂದು ಕಡೆ ಅರ್ಧ ಓಟ ಸೇರಿ ಲೆಕ್ಕ ಸ್ವಲ್ಪ ಏರುಪೇರಾಗುತ್ತದೆ. ಅತ್ತೆ, ನೀವು ಎಂದಿನಂತೆಯೇ ಫ್ರಿಜ್ ಬಳಸಿ. ಅಳತೆ ನಡೆಯುತ್ತಿದೆ ಎಂದು ಬಾಗಿಲು ತೆಗೆಯದೆ ಕೂರಬೇಡಿ.

*ಮರುದಿನ*

ಶ್ರೀಧರ ಮಾವ: 7:05ಕ್ಕೆ ಶುರು ಮಾಡಿದೆ.

ಕಮಲ ಅತ್ತೆ: ವಿದ್ಯಾ, ಮಧ್ಯಾಹ್ನ ಮೂರೂವರೆಗೆ ಒಂದು ವಿಚಿತ್ರ ಕಂಡೆ. ಕಂಪ್ರೆಸರ್ ಸದ್ದೇ ಇಲ್ಲ, ಮೀಟರ್ ಮಾತ್ರ 196 ತೋರಿಸುತ್ತಿತ್ತು. ಒಳಗಿನಿಂದ ಚಿಟಿಚಿಟಿ ಸದ್ದು, ನೀರು ಹನಿಯುವ ಸದ್ದು. ಸುಮಾರು ಇಪ್ಪತ್ತು ನಿಮಿಷ ಹಾಗೇ ಇದ್ದು ಇಳಿಯಿತು.

ವಿದ್ಯಾ: ಅದೇ ಅತ್ತೆ, ಹೀಟರ್! ಎಷ್ಟು ಚೆನ್ನಾಗಿ ಗಮನಿಸಿದಿರಿ. ಮಾವ ಆ ಹೊತ್ತಿನಲ್ಲಿ ಫೋಟೋ ತೆಗೆದಿದ್ದರೆ ಫ್ರಿಜ್ ದಿನಕ್ಕೆ 4.7 ಯೂನಿಟ್ ತಿನ್ನುತ್ತದೆ ಎನ್ನುತ್ತಿದ್ದರು.

ಶ್ರೀಧರ ಮಾವ: ಐದು ಗಂಟೆಗೆ ಅರ್ಧ ಗಂಟೆ ಕರೆಂಟ್ ಹೋಗಿ ಬಂತು. ಅಳತೆ ಕೆಟ್ಟಿತಲ್ಲ?

ವಿದ್ಯಾ: `kWh` ಅಂಕಿ ಹಾಗೇ ಇದೆಯೋ, ಸೊನ್ನೆಯಾಯಿತೋ?

ಶ್ರೀಧರ ಮಾವ: ಹಾಗೇ ಇದೆ.

ವಿದ್ಯಾ: ಹಾಗಾದರೆ ಮುಂದುವರಿಸಿ. ಕರೆಂಟ್ ಇಲ್ಲದಾಗ ಒಳಗೆ ಸೇರಿದ ಬಿಸಿಯನ್ನು ಫ್ರಿಜ್ ಈಗ ಹೊರಗೆ ಹಾಕುತ್ತಿರುತ್ತದೆ, ಆ ಓಟವೂ ಲೆಕ್ಕಕ್ಕೆ ಬರುತ್ತದೆ. ಸೊನ್ನೆಯಾಗಿದ್ದರೆ ಅಥವಾ ಮೂರ್ನಾಲ್ಕು ಗಂಟೆ ಕರೆಂಟ್ ಇರದಿದ್ದರೆ ಮೊದಲಿನಿಂದ ಮಾಡಿ ಎನ್ನುತ್ತಿದ್ದೆ.

*ಅದರ ಮರುದಿನ*

ಶ್ರೀಧರ ಮಾವ: 7:20ಕ್ಕೆ ಕಂಪ್ರೆಸರ್ ನಿಂತಿತು. 2.10.

ವಿದ್ಯಾ: 24 ಗಂಟೆ 15 ನಿಮಿಷಕ್ಕೆ 2.10. ಪೂರ್ತಿ ದಿನಕ್ಕೆ ಇಳಿಸಿದರೆ 2.08 ಯೂನಿಟ್. ಮಾವನ 3.4ವೂ ಅಲ್ಲ, ಚಿಕ್ಕಪ್ಪನ 1.7ವೂ ಅಲ್ಲ. ಹೀಟರ್ ದಿನಕ್ಕೆ ಎರಡು ಸಲ ಹತ್ತಿತೆಂದು ಇಟ್ಟುಕೊಂಡರೂ ಅದರ ಪಾಲು 0.13ರಷ್ಟೇ. ಉಳಿದದ್ದನ್ನು 142 ವಾಟ್‌ನಿಂದ ಭಾಗಿಸಿದರೆ ಕಂಪ್ರೆಸರ್ ಹೆಚ್ಚುಕಡಿಮೆ ಹದಿನಾಲ್ಕು ಗಂಟೆ ಓಡಿದೆ.

ಶ್ರೀಧರ ಮಾವ: ತಿಂಗಳಿಗೆ 62 ಆಯಿತು. ಅದೇನು ಕಡಿಮೆಯೇ? ಅಂಗಡಿಯಲ್ಲಿ ನೋಡಿದ ಹೊಸ ಫ್ರಿಜ್‌ನ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ 220 ಯೂನಿಟ್ ಎಂದಿದೆ. ದಿನಕ್ಕೆ 0.6.

ಪ್ರಕಾಶ ಚಿಕ್ಕಪ್ಪ: ವ್ಯತ್ಯಾಸ ದಿನಕ್ಕೆ 1.48, ವರ್ಷಕ್ಕೆ 540 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ 3,240. ಫ್ರಿಜ್ ಬೆಲೆ 29,000 ಎಂದಿರಿ. ಹಣ ಮರಳಲು ಒಂಬತ್ತು ವರ್ಷ ಭಾವ!

ವಿದ್ಯಾ: ಅದಕ್ಕಿಂತಲೂ ಹೆಚ್ಚಾಗಬಹುದು. ಬೇಸಿಗೆಯ ಒಂದು ದಿನವನ್ನು 365ರಿಂದ ಗುಣಿಸುವುದು ಒಂದು ಕ್ಷಣದ ವಾಟ್ ಅನ್ನು 24ರಿಂದ ಗುಣಿಸಿದಷ್ಟೇ ಹುಷಾರಿನಿಂದ ಮಾಡಬೇಕಾದದ್ದು. ಚಳಿಗಾಲದಲ್ಲಿ ಇದೇ ಫ್ರಿಜ್ ಕಡಿಮೆ ಓಡುತ್ತದೆ. ಚೀಟಿಯ ಅಂಕಿಯೂ ಪ್ರಯೋಗಾಲಯದ್ದು, ನಿಮ್ಮ ಅಡುಗೆಮನೆಯದ್ದಲ್ಲ.

ಶ್ರೀಧರ ಮಾವ: ನಿಮಗೆ ಯಾರಿಗೂ ನನ್ನ ಕಷ್ಟ ಅರ್ಥವಾಗುತ್ತಿಲ್ಲ. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆರು ಯೂನಿಟ್‌ಗಾಗಿ 206ಕ್ಕೂ ಹಣ ತೆತ್ತಿದ್ದೇನೆ. ಆರು ರೂಪಾಯಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ವಿದ್ಯಾ: ಇದು ಗಟ್ಟಿಯಾದ ಮಾತು ಮಾವ. ಹಾಗಾದರೆ ನಿಮಗೆ ಬೇಕಾದದ್ದು ತಿಂಗಳಿಗೆ ಆರೇಳು ಯೂನಿಟ್, ಎಂದರೆ ದಿನಕ್ಕೆ 0.2. ಅಷ್ಟಕ್ಕೆ ಹೊಸ ಫ್ರಿಜ್ ಬೇಕೇ? ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಮುಚ್ಚಿ, ನೋಟನ್ನು ಎಳೆದು ನೋಡಿ. ನಾಲ್ಕೂ ಕಡೆ ಬಿಗಿಯಾಗಿ ಹಿಡಿಯಬೇಕು.

ಕಮಲ ಅತ್ತೆ: ಮೇಲೆ ಬಿಗಿ ಇದೆ. ಕೆಳಗೆ ಹಿಂಜ್ ಕಡೆ ನೋಟು ಜಾರಿ ಬಿತ್ತು. ರಬ್ಬರ್ ಅಲ್ಲಿ ಗಟ್ಟಿಯಾಗಿ ಸೀಳಿದೆ. ಫ್ರಿಜ್‌ನ ಬೆನ್ನು ಗೋಡೆಗೆ ತಾಗಿಕೊಂಡೇ ಇದೆ.

ವಿದ್ಯಾ: ಸೀಳಿನಲ್ಲಿ ಬಿಸಿಗಾಳಿಯೂ ತೇವವೂ ನುಗ್ಗುತ್ತಿವೆ, ಹಾಗಾಗಿ ಮಂಜೂ ಹೆಚ್ಚು ಕಟ್ಟುತ್ತದೆ. ಗ್ಯಾಸ್ಕೆಟ್ ಬದಲಿಸಿ, ಗೋಡೆಯಿಂದ ಒಂದು ಗೇಣು ಮುಂದೆ ತನ್ನಿ. ಒಂದು ದಿನ ಹಾಗೇ ಬಿಟ್ಟು, ಆಮೇಲೆ ಅದೇ ರೀತಿ ಅಳೆಯಿರಿ. 1.88ಕ್ಕಿಂತ ಕೆಳಗೆ ಬಂದರೆ ಫ್ರಿಜ್ ಉಳಿಯಲಿ.

ಶ್ರೀಧರ ಮಾವ: ಬರದಿದ್ದರೆ?

ವಿದ್ಯಾ: ಮೊದಲು ಮೀಟರನ್ನು ಒಂದು ದಿನ ಟಿವಿ, ಸೆಟ್‌ಟಾಪ್ ಬಾಕ್ಸ್‌ಗೆ ಹಾಕಿ. ಫ್ರಿಜ್ ಬಿಟ್ಟು ಇನ್ನೂ 144 ಯೂನಿಟ್ ಎಲ್ಲಿ ಹೋಗುತ್ತಿದೆ ಎಂದು ನಾವು ಹುಡುಕಿಯೇ ಇಲ್ಲ.

ಕಮಲ ಅತ್ತೆ: ಗ್ಯಾಸ್ಕೆಟ್‌ನವನಿಗೆ ಫೋನ್ ಮಾಡಿದೆ. ಶನಿವಾರ ಬರುತ್ತಾನಂತೆ. ಭಾನುವಾರ ಮೀಟರ್ ಮುಟ್ಟಬೇಡಿ, ಸೋಮವಾರ ಬೆಳಗ್ಗೆ ನಾನೇ ರೀಸೆಟ್ ಮಾಡುತ್ತೇನೆ.