ಪದಚರ್ಚೆ: ಕರೆಯದ ಟೋಪಿಯನ್ನು ಕರೆತರುವ ಪದಕ್ಕೆ ಏನನ್ನೋಣ?

ವೀಣಾ:

ಎಲ್ಲರಿಗೂ ನಮಸ್ಕಾರ. ಒಂದು ಮಕ್ಕಳ ಕತೆಗೆ ಎಐ ಚಿತ್ರ ಮಾಡಿಸುತ್ತಿದ್ದೇನೆ. ಕಿಟಕಿಯ ಪಕ್ಕ ನಿಂತ ಒಬ್ಬ ಅಜ್ಜ, ಮೈಮೇಲೆ ದಪ್ಪ ಕೋಟು, ಅಷ್ಟೇ. ನಾನು ಕೊಟ್ಟ ಪ್ರಾಂಪ್ಟ್ ಇದು:

```
an old man in a navy wool coat, double-breasted,
brass buttons, high collar, standing by a window
```

ಎಂಟು ಚಿತ್ರ ಮಾಡಿಸಿದರೆ ಆರರಲ್ಲಿ ಅಜ್ಜನ ತಲೆಗೆ ನೌಕಾಪಡೆ ಅಧಿಕಾರಿಯ ಟೋಪಿ! ಟೋಪಿ ಅಂತ ನಾನು ಎಲ್ಲೂ ಬರೆದಿಲ್ಲ. ಹಿತ್ತಾಳೆ ಗುಂಡಿಯ ಮೇಲೆ ಅನುಮಾನ ಬಂತು. `brass` ತೆಗೆದು `wooden` ಹಾಕಿದೆ. ಅದೇ ಕೈಯಲ್ಲಿ ಬಣ್ಣವನ್ನೂ `brown` ಮಾಡಿದೆ. ಟೋಪಿ ಹೋಯಿತು. ‘ಹಿತ್ತಾಳೆಯೇ ಕಳ್ಳ’ ಅಂತ ಪುಸ್ತಕದಲ್ಲಿ ಬರೆದಿಟ್ಟೆ. ಮರುದಿನ ಮರದ ಗುಂಡಿ ಉಳಿಸಿಕೊಂಡು ಬಣ್ಣ ಮಾತ್ರ ಮತ್ತೆ `navy` ಮಾಡಿದರೆ ಟೋಪಿ ವಾಪಸ್ ಹಾಜರ್.

ನನ್ನ ಪ್ರಶ್ನೆ ಎರಡು. ಹೀಗೆ ಬೇಡದ್ದನ್ನು ಬೆನ್ನಿಗೆ ಕಟ್ಟಿಕೊಂಡು ಬರುವ ಪದಕ್ಕೆ ಕನ್ನಡದಲ್ಲಿ ಏನನ್ನಬಹುದು? ಒಂದು ಸುತ್ತಿಗೆ ಒಂದೇ ಗುಣ ಬದಲಿಸಿ ಅಂಥ ಪದವನ್ನು ಹಿಡಿಯುವ ಕೆಲಸಕ್ಕೆ ಹೆಸರೇನು?

ಲಲಿತಾ:

ವೀಣಾ ಅವರೇ, ನೇವಿ ಬ್ಲೂಗೆ ನಾನು ‘ಕಡುನೀಲಿ’ ಅಂತಲೇ ಬರೆಯುತ್ತೇನೆ. ಒಮ್ಮೆ ಯಂತ್ರ ಮಾಡಿದ ಅನುವಾದ ತಿದ್ದಲು ಬಂದಿತ್ತು. ಅದರಲ್ಲಿ ನಾಯಕಿಯ ನೇವಿ ಕೋಟು ‘ನೌಕಾಪಡೆಯ ಕೋಟು’ ಆಗಿಬಿಟ್ಟಿತ್ತು. ಪಾಪ, ಅವಳು ಬ್ಯಾಂಕಿನ ಗುಮಾಸ್ತೆ. ‘ನೌಕಾನೀಲಿ’ ಅಂತ ಬರೆಯುವವರೂ ಇದ್ದಾರೆ, ನನಗೆ ಕಿವಿಗೆ ಹಿಡಿಸಲ್ಲ.

ವೀಣಾ:

ಲಲಿತಾ ಮೇಡಂ, ನಾನು ಕೇಳಿದ್ದು ಬಣ್ಣದ ಹೆಸರಲ್ಲ. ಆದರೆ ನಿಮ್ಮ ಗುಮಾಸ್ತೆಗೂ ನಮ್ಮ ಅಜ್ಜನಿಗೂ ಆದದ್ದು ಒಂದೇ ಅನ್ನಿಸ್ತಿದೆ.

ಶ್ರೀಧರ:

ಇಷ್ಟು ಕಷ್ಟ ಯಾಕೆ? ಕೊನೆಗೆ `no cap` ಅಂತ ಸೇರಿಸಿ. ಕೆಲಸ ಮುಗೀತು.

ಮಂಜುನಾಥ:

ಶ್ರೀಧರ್ ಸರ್, ಅದು ಅರ್ಧ ಸರಿ. ಬೇಡದ್ದನ್ನು ಬರೆಯಲು ಬೇರೆ ಪೆಟ್ಟಿಗೆ ಇರುವ ಸಾಧನಗಳಿವೆ. ಅಲ್ಲಿ `cap` ಅಂತ ಹಾಕಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಆದರೆ ಮುಖ್ಯ ಪ್ರಾಂಪ್ಟಿನಲ್ಲೇ `no cap` ಬರೆದರೆ ಎಷ್ಟೋ ಸಲ `no` ಗಾಳಿಗೆ ಹೋಗಿ `cap` ಉಳಿಯುತ್ತದೆ. ಇರದಿದ್ದ ಕಡೆಯೂ ಟೋಪಿ ಬರಬಹುದು. ಇನ್ನು ಟೋಪಿ ಮರೆಯಾದರೂ ಕೋಟಿನ ಹೆಗಲ ಪಟ್ಟಿ, ಎದೆಯ ಪದಕ ಉಳಿದಾವು. ಯಾವ ಪದ ಕಾರಣ ಅನ್ನೋದಂತೂ ತಿಳಿಯುವುದೇ ಇಲ್ಲ.

ವೀಣಾ ಅವರೇ, ನೀವು ಎಡವಿದ್ದು ಒಟ್ಟಿಗೆ ಎರಡು ಬದಲಿಸಿದ ಕಡೆ. ಹೀಗೆ ಮಾಡಿ ನೋಡಿ. ಪ್ರತಿ ಚಿತ್ರ ಎಲ್ಲಿಂದ ಶುರುವಾಗಬೇಕು ಅಂತ ಯಂತ್ರ ಸುಮ್ನೆ ಆರಿಸಿಕೊಳ್ಳುವ ಸಂಖ್ಯೆಗೆ ಸೀಡ್ ಅಂತಾರೆ. ಮೊದಲ ಎಂಟು ಚಿತ್ರಗಳ ಸೀಡ್ ಸಂಖ್ಯೆ ಬರೆದಿಟ್ಟುಕೊಂಡು ಪ್ರತಿ ಸುತ್ತಿಗೂ ಅವೇ ಎಂಟನ್ನು ಬಳಸಿ. ಸೀಡ್ ಬದಲಾದರೆ ಟೋಪಿ ಹೋದದ್ದು ಪದದಿಂದಲೋ ಸುಮ್ನೆ ಅದೃಷ್ಟದಿಂದಲೋ ಹೇಳೋಕಾಗಲ್ಲ. ಪ್ರತಿ ಸುತ್ತಿನಲ್ಲಿ ಒಂದೇ ಪದ ಬದಲಿಸಿ. ಮುಂದಿನ ಸುತ್ತಿಗೆ ಹೋಗುವಾಗ ಅದನ್ನು ಮೊದಲಿದ್ದ ಹಾಗೇ ಮಾಡಿಬಿಡಿ. ಇದನ್ನೇ ಜನ ಜಾಸ್ತಿ ಮರೆಯುವುದು. ಮರೆತರೆ ಮೂರನೇ ಸುತ್ತಿಗೆ ಮೂರು ಬದಲಾವಣೆ ಕೂಡಿಕೊಂಡಿರುತ್ತವೆ. ಪದವನ್ನು ಅಳಿಸಬೇಡಿ, ಅದೇ ಜಾಗಕ್ಕೆ ಅದೇ ಜಾತಿಯ ಇನ್ನೊಂದನ್ನು ಇಡಿ. ಅಳಿಸಿದರೆ ಆ ಜಾಗವನ್ನು ಯಂತ್ರ ತನಗೆ ತೋಚಿದ್ದರಿಂದ ತುಂಬುತ್ತದೆ.

ಹೆಸರಿನ ವಿಷಯಕ್ಕೆ ಬಂದರೆ, ಭಾಷೆ ಓದುವವರಿಗೆ ಇದು ಹೊಸತೇನಲ್ಲ. ಕಾಲು, ಹಾಲು, ಪಾಲು ಅಂತ ಒಂದೇ ಧ್ವನಿ ಬದಲಿಸಿ ಅರ್ಥ ಎಲ್ಲಿ ಬದಲಾಯಿತು ಅಂತ ನೋಡ್ತೀವಲ್ಲ, ಅದೇ ಇದು. ‘ಒಂದೆಡೆ ಬದಲು’ ಅನ್ನಬಹುದೇನೋ.

ವೀಣಾ:

ಮಾಡಿದೆ! ಟೋಪಿ ಬಂದ ಲೆಕ್ಕ ಕೆಳಗಿದೆ. ಎಲ್ಲವೂ ಎಂಟಕ್ಕೆ ಇಷ್ಟು ಅಂತ.

```
navy -> dark blue                   1
wool -> cotton                      6
double-breasted -> single-breasted  4
brass -> wooden                     5
high collar -> flat collar          6
```

ಬಟ್ಟೆ ಮತ್ತು ಕಾಲರ್ ನಿರಪರಾಧಿಗಳು. ಬಣ್ಣದಲ್ಲಿ ಮಾತ್ರ ಆರು ಇದ್ದದ್ದು ಒಂದಕ್ಕೆ ಬಿತ್ತು. ಚಿತ್ರದಲ್ಲಿ ಕೋಟಿನ ನೀಲಿ ಹೆಚ್ಚುಕಡಿಮೆ ಅದೇ ನೀಲಿ. ಬಣ್ಣ ಬದಲಾಗಲಿಲ್ಲ, ಬಣ್ಣದ ಹೆಸರು ಬದಲಾಯಿತು ಅಷ್ಟೇ. ನನಗೆ ಮೈ ಜುಂ ಅಂದದ್ದು ಅಲ್ಲೇ.

ಶ್ರೀಧರ:

ಹಾಗಾದರೆ ಹಿತ್ತಾಳೆಯೂ ಆರರಿಂದ ಐದಕ್ಕೆ ಇಳಿಸಿದೆಯಲ್ಲ. ಅದರ ಪಾಲೂ ಇದೆ.

ಮಂಜುನಾಥ:

ಎಂಟರಲ್ಲಿ ಒಂದು ಹೆಚ್ಚುಕಡಿಮೆ ಆದರೆ ಅದರಿಂದ ಏನೂ ಹೇಳೋಕಾಗಲ್ಲ. ಎರಡು ಸಾಲು ಗುಂಡಿಯನ್ನು ಒಂದು ಸಾಲು ಮಾಡಿದಾಗ ಬಂದ ನಾಲ್ಕರ ಬಗ್ಗೆ ಮಾತ್ರ ನನಗೆ ಕುತೂಹಲ. ವೀಣಾ ಅವರೇ, `navy` ಉಳಿಸಿಕೊಂಡು ಇನ್ನೆರಡು ಪ್ರಯೋಗ ಮಾಡ್ತೀರಾ? ಒಂದರಲ್ಲಿ ಕೋಟಿನ ಬದಲು ಬರೀ `navy sweater`. ಇನ್ನೊಂದರಲ್ಲಿ ಒಂದೇ ಸಾಲು ಗುಂಡಿ, ಅದೂ ಮರದ್ದು. ಹೌದು, ಈಗ ನಾನೇ ಎರಡು ಬದಲಿಸಿ ಅಂತಿದ್ದೇನೆ. ಒಂಟಿಯಾಗಿ ಬದಲಿಸಿದ ಲೆಕ್ಕ ಕೈಯಲ್ಲಿ ಇರುವುದರಿಂದ ಈಗ ಪರವಾಗಿಲ್ಲ.

ಲಲಿತಾ:

ನೀವು ಅದನ್ನು ಮಾಡುವಷ್ಟರಲ್ಲಿ ನನ್ನದೊಂದು ಅಡ್ಡಮಾತು. ಬ್ರಿಟನ್ನಿನ ನೌಕಾಪಡೆ ಅಧಿಕಾರಿಗಳಿಗೆ ಕಡುನೀಲಿ ಸಮವಸ್ತ್ರ ಬಂದದ್ದು 1748ರಲ್ಲಿ. ಬಣ್ಣಕ್ಕೆ ಆ ಹೆಸರು ಅಂಟಿದ್ದು ಅಲ್ಲಿಂದ. ನಮ್ಮ ‘ನಾವೆ’ಗೂ ಇಂಗ್ಲಿಷಿನ ‘ನೇವಿ’ಗೂ ದೂರದ ನಂಟಿದೆ. ಅಂದರೆ ಆ ಪದದೊಳಗೆ ದೋಣಿ ಮೊದಲಿನಿಂದ ಇತ್ತು, ಬಣ್ಣ ಆಮೇಲೆ ಹತ್ತಿ ಕೂತದ್ದು. ಯಂತ್ರಕ್ಕೆ ದೋಣಿ ಕಂಡರೆ ತಪ್ಪೇನು?

ವೀಣಾ:

ಸ್ವೆಟರಿನಲ್ಲಿ ಎಂಟಕ್ಕೆ ಸೊನ್ನೆ. ಒಂದು ಸಾಲು ಮರದ ಗುಂಡಿಯ ನೇವಿ ಕೋಟಿನಲ್ಲಿ ಎಂಟಕ್ಕೆ ಒಂದು!

ಅಂದರೆ `navy` ಒಂಟಿಯಾಗಿದ್ದರೆ ಸಾಧು. ಜೊತೆಗೆ ಎರಡು ಸಾಲು ಗುಂಡಿ ಅಥವಾ ಹಿತ್ತಾಳೆ, ಯಾವುದಾದರೂ ಒಂದು ಇದ್ದರೂ ಟೋಪಿ ತರುತ್ತದೆ. ಒಂದೊಂದೇ ಬದಲಿಸಿದಾಗ ಈ ಎರಡರ ಪಾಲು ಸರಿಯಾಗಿ ಕಾಣಲೇ ಇಲ್ಲ. ಒಂದನ್ನು ತೆಗೆದರೆ ಇನ್ನೊಂದು ಅದರ ಕೆಲಸ ಮಾಡುತ್ತಿತ್ತು.

ಮಂಜುನಾಥ:

ಅದೇ ಈ ವಿಧಾನದ ಮಿತಿ. ಐದು ಗುಣ ಇದ್ದರೆ ಜೋಡಿಗಳು ಹತ್ತು, ಎಂಟು ಸೀಡಿನ ಲೆಕ್ಕದಲ್ಲಿ ಎಂಬತ್ತು ಚಿತ್ರ. ಎಲ್ಲ ಜೋಡಿಗಳನ್ನೂ ನೋಡಬೇಕಿಲ್ಲ. ಒಂಟಿ ಸುತ್ತಿನಲ್ಲಿ ಅಲುಗಾಡಿದವನ್ನು ನೋಡಿದರೆ ಸಾಕು. ಹಿತ್ತಾಳೆ ಅಲುಗಾಡಿದ್ದನ್ನು ನಾನೇ ತಳ್ಳಿಹಾಕಿದ್ದೆ. ಶ್ರೀಧರ್ ಸರ್, ನಿಮ್ಮ ಮಾತು ನಿಜವಾಯಿತು.

ಶ್ರೀಧರ:

ನಾನು ಸುಮ್ನೆ ಅಂದಿದ್ದೆ. ಅದಿರಲಿ, ಪದಕ್ಕೆ ಹೆಸರು? ‘ಎಳೆಪದ’ ಹೇಗೆ? ಬೇಡದ್ದನ್ನು ಎಳೆದು ತರುತ್ತದಲ್ಲ.

ಲಲಿತಾ:

‘ಎಳೆ’ ಅಂದರೆ ನೂಲು, ಎಳೆಯದು ಅಂದರೆ ಎಳಸು. ಬಟ್ಟೆಯ ಮಾತಿನ ನಡುವೆ ಗೊಂದಲ ಬೇಡ. ಅಲ್ಲದೆ ಒಂಟಿ ಪದ ಏನನ್ನೂ ಎಳೆದಿಲ್ಲ ಅಂತ ಈಗಷ್ಟೇ ಗೊತ್ತಾಯ್ತು. ನಮ್ಮಲ್ಲಿ ಆಗಲೇ ಇರುವ ಮಾತಿದೆ: ‘ಸಹವಾಸದೋಷ’.

ವೀಣಾ:

ಲಲಿತಾ ಮೇಡಂ, ಇದು ಎಷ್ಟು ಸರಿಯಾಗಿ ಕೂತಿತು! ಕತೆಗೆ `dark blue` ಹಾಕಿ ಮುಗಿಸಿದೆ. ಹಿತ್ತಾಳೆ ಗುಂಡಿ ಎರಡು ಸಾಲಾಗಿ ಉಳಿದಿವೆ.

ಮಂಜುನಾಥ:

ನನ್ನದೊಂದು ತಕರಾರು. ಸಹವಾಸದೋಷ ಅಂದರೆ ಒಳ್ಳೆಯವನು ಕೆಟ್ಟವರ ಜೊತೆ ಸೇರಿ ಹಾಳಾದ ಅಂತ. ಇಲ್ಲಿ ಹಿತ್ತಾಳೆ ಗುಂಡಿ `dark blue` ಜೊತೆ ಚೆನ್ನಾಗಿಯೇ ಇದೆ. ಹಾಗಾದರೆ ಕೆಟ್ಟವರು ಯಾರು, ಕೆಟ್ಟದ್ದು ಯಾರಿಂದ?

ಲಲಿತಾ:

ಊರಲ್ಲಿ ಮಕ್ಕಳು ಕೆಟ್ಟರೂ ಇದೇ ಜಗಳ, ಮಂಜುನಾಥ್ ಅವರೇ. ಎರಡೂ ಮನೆಯವರು ಇನ್ನೊಂದು ಮನೆಯವರನ್ನೇ ಬೈಯುವುದು.